ಗ್ರಂಥಾಲಯದ ಬೋರ್ಡಿಗೆ ಯಾವ ಪದ ಸರಿ?

ಪ್ರಶ್ನೆ: ಮೌನ, ನಿಶ್ಶಬ್ದ, ಶಾಂತ, ಸ್ತಬ್ಧ ಎಲ್ಲಾ ಒಂದೇ ಅಲ್ವಾ? ಲೈಬ್ರರಿ ಬೋರ್ಡಿನಲ್ಲಿ ಯಾವುದು ಬರೆಯಲಿ?

ಉತ್ತರ: ಓದುವ ಕೋಣೆಗೆ ‘ನಿಶ್ಶಬ್ದವಾಗಿರಿ’ ಬರೆಯಿರಿ. ಮೌನ ಅಂದರೆ ಬಾಯಿಗೆ ಮಾತ್ರ ಬೀಗ. ಮಾತಾಡದೆಯೇ ಕುರ್ಚಿ ಎಳೆದು ಸದ್ದು ಮಾಡುವವನೂ ಮೌನವಾಗಿಯೇ ಇರುತ್ತಾನೆ! ನಿಶ್ಶಬ್ದದಲ್ಲಿ ಕುರ್ಚಿ, ಚಪ್ಪಲಿ, ಫೋನಿನ ರಿಂಗು ಎಲ್ಲವೂ ಸೇರುತ್ತವೆ. ಬರೆಯುವಾಗ ಶಕ್ಕೆ ಶ ಒತ್ತು ಬಿಡಬೇಡಿ. ‘ನಿಶಬ್ದ’ ತಪ್ಪು, ‘ನಿಃಶಬ್ದ’ವೂ ಸರಿಯೇ.

‘ಶಾಂತರಾಗಿರಿ’ ಅಂದರೆ ಸಿಟ್ಟಾದವರನ್ನು ಸಮಾಧಾನ ಮಾಡಿದ ಹಾಗೆ ಕೇಳುತ್ತದೆ. ಸ್ತಬ್ಧ ಅಂದರೆ ಚಲನೆಯೇ ನಿಂತದ್ದು, ಇಲ್ಲಿಗೆ ಬೇಡ.

ಪುಸ್ತಕ ಕೊಡುವ ಕೌಂಟರಿನಲ್ಲಿ ಮಾತು ಬೇಕೇ ಬೇಕು. ಅಲ್ಲಿ ‘ಮೆಲ್ಲಗೆ ಮಾತಾಡಿ’ ಸಾಕು. ಚಿಕ್ಕ ಮಕ್ಕಳ ವಿಭಾಗಕ್ಕೆ ‘ಸದ್ದು ಮಾಡಬೇಡಿ’ ಇನ್ನೂ ಸುಲಭ, ಈಗಷ್ಟೇ ಓದಲು ಕಲಿತವರಿಗೂ ಅರ್ಥವಾಗುತ್ತದೆ.