ಪಂಚಾಂಗದ 52-30 ಅಂದರೆ ಎಷ್ಟು ಗಂಟೆ?

ಶಿರಸಿಯಿಂದ ಅಮ್ಮ ಪಂಚಾಂಗದ ಪುಟದ ಫೋಟೋ ಕಳಿಸಿದ್ದಾರೆ. ‘ಬುಧವಾರ, ಶುಕ್ಲ ಏಕಾದಶಿ 52-30’ ಅಂತಿದೆ. ಇಂಗ್ಲಿಷಿನಲ್ಲಿ 11ನೇ ತಾರೀಖು ಅಂತ ಬರೆಯಲೇ?

ಬೇಡ. ಏಕಾದಶಿ ತಿಥಿಯ ಹೆಸರು, ತಾರೀಖು ಅಲ್ಲ. ‘ಶುಕ್ಲ ಏಕಾದಶಿ’ ಅಂತಲೇ ಇಡಿ. ತಾರೀಖನ್ನು ಅದೇ ಸಾಲಿನ ಇಂಗ್ಲಿಷ್ ಕಾಲಂನಿಂದ ತೆಗೆದುಕೊಳ್ಳಿ.

ಜಾಸ್ತಿ ತಪ್ಪಾಗುವುದು 52-30ರಲ್ಲಿ. ಇದು ಗಡಿಯಾರದ ಹೊತ್ತಲ್ಲ, ಸೂರ್ಯೋದಯದಿಂದ ಎಣಿಸಿದ ಘಟಿ-ವಿಘಟಿ. ತಿಥಿ ಮುಗಿಯುವ ಹೊತ್ತು ಅದು, ಶುರುವಾಗುವುದಲ್ಲ. ಒಂದು ಘಟಿಗೆ 24 ನಿಮಿಷ, 60 ವಿಘಟಿಗೆ ಒಂದು ಘಟಿ. ಹಾಗಾಗಿ 52 ಘಟಿ ಅಂದರೆ 20 ಗಂಟೆ 48 ನಿಮಿಷ. 30 ವಿಘಟಿಗೆ 12 ನಿಮಿಷ. ಒಟ್ಟು 21 ಗಂಟೆ.

ಆ ಪುಟದಲ್ಲಿ ಸೂರ್ಯೋದಯ 6:30 ಅಂತಿದ್ದರೆ, ಏಕಾದಶಿ ಮುಗಿಯುವುದು ಬೆಳಗಿನ ಜಾವ 3:30ಕ್ಕೆ. ಗಡಿಯಾರಕ್ಕೆ ಅದು ಗುರುವಾರ. ಪಂಚಾಂಗಕ್ಕೆ ಇನ್ನೂ ಬುಧವಾರವೇ, ಅಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ. ಅನುವಾದದಲ್ಲಿ ‘ಗುರುವಾರ ಬೆಳಗಿನ ಜಾವ 3:30ರವರೆಗೆ’ ಅಂತ ಬಿಡಿಸಿ ಬರೆಯಿರಿ.

ಕೆಲವು ಪಂಚಾಂಗಗಳು ನೇರವಾಗಿ ಗಂಟೆ-ನಿಮಿಷವನ್ನೇ ಅಚ್ಚು ಹಾಕುತ್ತವೆ. ಕಾಲಂನ ತಲೆಯಲ್ಲಿ ‘ಘ.ವಿ.’ ಇದೆಯೋ ‘ಗಂ.ನಿ.’ ಇದೆಯೋ ನೋಡಿ. ಫೋಟೋದಲ್ಲಿ ತಲೆ ಕತ್ತರಿಸಿಹೋಗಿದ್ದರೆ ಸುಮ್ನೆ ಊಹಿಸಬೇಡಿ, ಅಮ್ಮನಿಂದ ಪೂರ್ತಿ ಪುಟ ತರಿಸಿಕೊಳ್ಳಿ.