‘ಬರಲ್ಲ’ ಅನ್ನೋದನ್ನ ಅರ್ಜೀಲಿ ಹೆಂಗೆ ಬರೆಯೋದು?

ಪ್ರಶ್ನೆ: ರಜೆ ಅರ್ಜೀಲಿ ‘ಬರಲ್ಲ’ ಅಂತ ಹಾಕಿದ್ರೆ ಚೆನ್ನಾಗಿರಲ್ಲ ಅಂತ ‘ನಾಳೆ ಕೆಲಸಕ್ಕೆ ಬರಲಿಲ್ಲ’ ಅಂತ ಬರ್ದೆ, ಓದಿದವ್ರು ನಕ್ರು. ಏನ್ ತಪ್ಪಾಯ್ತು? ಚಾಟಲ್ಲಿ ಬರೆಯೋ ಹಂಗೇ ಬರೆದಿದ್ರೆ ಆಗ್ತಿತ್ತಾ?

ಉತ್ತರ: ನಕ್ಕಿದ್ದು ‘ನಾಳೆ’ಗೆ. ‘ಬರಲಿಲ್ಲ’ ಅಂದ್ರೆ ಬರಲು ಇಲ್ಲ, ಅದು ಆಗಿಹೋದ ಮಾತು, ನಿನ್ನೆ ಬರಲಿಲ್ಲ ಅನ್ನಬಹುದು, ನಾಳೆಗೆ ಅದು ಕೂರಲ್ಲ. ನಾವು ಬಾಯಲ್ಲಿ ಅನ್ನೋ ‘ಬರಲ್ಲ’ಕ್ಕೆ ಬರವಣಿಗೇಲಿರೋ ಜೋಡಿ ‘ಬರುವುದಿಲ್ಲ’. ನೋಡೋಕೆ ‘ಬರಲ್ಲ’, ‘ಬರಲಿಲ್ಲ’ ಎರಡೂ ಅಣ್ಣತಮ್ಮಂದಿರ ಥರ ಇರೋದ್ರಿಂದ, ಒಂದಕ್ಷರ ಸೇರಿಸಿದ್ರೆ ಗ್ರಾಂಥಿಕ ಆಗೋಗುತ್ತೆ ಅನ್ಸುತ್ತೆ, ಆದ್ರೆ ಕಾಲವೇ ಬದಲಾಗಿಬಿಡುತ್ತೆ. ಮಾಡಲ್ಲ, ಆಗಲ್ಲ, ಕೊಡಲ್ಲ ಎಲ್ಲಕ್ಕೂ ಇದೇ ಕಥೆ. ಡೌಟ್ ಬಂದ್ರೆ ಮುಂದೆ ಒಂದ್ಸಲ ‘ನಿನ್ನೆ’, ಒಂದ್ಸಲ ‘ನಾಳೆ’ ಇಟ್ಟು ಜೋರಾಗಿ ಓದಿ, ಕಿವೀನೇ ಹೇಳುತ್ತೆ.

ಇನ್ನು ಚಾಟ್ ವಿಷಯ. ‘ಸರ್ ನಾಳೆ ಬರೋಕಾಗಲ್ಲ, ಅಮ್ಮಂಗೆ ಹುಷಾರಿಲ್ಲ, ಆಸ್ಪತ್ರೆಗೆ ಕರ್ಕೊಂಡೋಗ್ಬೇಕು, ನಾಡಿದ್ದು ಬರ್ತೀನಿ’ ಅಂತ ಮೊಬೈಲಲ್ಲಿ ಕಳಿಸಿದ್ರೆ ಒಂಚೂರೂ ತಪ್ಪಿಲ್ಲ, ಅಲ್ಲಿ ನೀವು ಬರೀತಿಲ್ಲ, ಮಾತಾಡ್ತಿದೀರ. ಅದನ್ನೇ ಹಾಳೆ ಮೇಲೆ ಇಳಿಸುವಾಗ ಹೀಗಾಗುತ್ತೆ: ‘ನಾಳೆ ಕೆಲಸಕ್ಕೆ ಬರಲು ಆಗುವುದಿಲ್ಲ. ತಾಯಿಗೆ ಹುಷಾರಿಲ್ಲದ ಕಾರಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿದೆ. ನಾಡಿದ್ದು ಕೆಲಸಕ್ಕೆ ಬರುತ್ತೇನೆ. ಒಂದು ದಿನದ ರಜೆ ನೀಡಬೇಕಾಗಿ ವಿನಂತಿ.’ ಗಮನಿಸಿ, ‘ಹುಷಾರಿಲ್ಲ’ ಹಂಗೇ ಉಳೀತು, ಅದನ್ನ ‘ಅನಾರೋಗ್ಯ’ ಮಾಡ್ಲೇಬೇಕು ಅಂತೇನಿಲ್ಲ. ಬದಲಾಗಿದ್ದು ಜಾಸ್ತಿ ಬಾಲಗಳೇ. ‘ಬರೋಕೆ’ ಹೋಗಿ ‘ಬರಲು’ ಬಂತು, ‘ಅಮ್ಮಂಗೆ’ ಅಂತ ನುಂಗಿದ್ದು ಬಿಡಿಸ್ಕೊಂಡ್ರೆ ‘ಅಮ್ಮನಿಗೆ’ (ಅರ್ಜಿ ಅಂತ ನಾನು ‘ತಾಯಿಗೆ’ ಮಾಡಿದೆ, ಅಷ್ಟೇ), ಒಟ್ಟಿಗೆ ಅಂಟಿದ್ದ ‘ಕರ್ಕೊಂಡೋಗ್ಬೇಕು’ ಬಿಡಿಬಿಡಿ ಆಯ್ತು. ಹಾಳೆ ಯಾವತ್ತೋ ಫೈಲಿಂದ ಈಚೆ ಬರುತ್ತಲ್ಲ, ಆಗ ‘ನಾಳೆ’ ಯಾವ ನಾಳೆ ಅಂತ ಗೊತ್ತಾಗಲ್ಲ, ಅದಕ್ಕೆ ಪಕ್ಕದಲ್ಲಿ ತಾರೀಕೂ ಹಾಕಿಬಿಡಿ.

ಜನ ಎಡವೋದು ಅರ್ಧಕ್ಕೆ ನಿಲ್ಲಿಸಿದಾಗ. ‘ಬರುತ್ತೀನಿ’ ಅಂತ ತುಂಬಾ ಅರ್ಜೀಲಿ ನೋಡ್ತೀನಿ, ತಲೆ ಪುಸ್ತಕದ್ದು, ಬಾಲ ಬಾಯಿಯದ್ದು. ಒಂದೋ ‘ಬರ್ತೀನಿ’, ಇಲ್ಲಾಂದ್ರೆ ‘ಬರುತ್ತೇನೆ’. ಇನ್ನು ಕೆಲವ್ರು ಆ ಕಡೆಗೆ ಜಾರ್ತಾರೆ, ‘ನಿನ್ನೆ ಬಂದೆನು, ಪತ್ರ ಕೊಟ್ಟೆನು’ ಅಂತ, ಅದು ತಪ್ಪಲ್ಲ, ಆದ್ರೆ ಹಳೇ ಪಾಠದ ವಾಸನೆ ಹೊಡಿಯುತ್ತೆ, ಅರ್ಜೀಲೂ ‘ಬಂದೆ, ಕೊಟ್ಟೆ’ ಸಾಕು.

ಉಲ್ಟಾನೂ ಇದೆ. ದಿನಾ ‘ಬರ್ತೀನಿ ಕಣೋ’ ಅಂತಿದ್ದ ಗೆಳೆಯನಿಗೆ ಒಂದಿನ ‘ಬರುತ್ತೇನೆ.’ ಅಂತ ಚುಕ್ಕಿ ಸಮೇತ ಕಳಿಸಿ ನೋಡಿ, ‘ಯಾಕೋ, ಕೋಪನಾ?’ ಅಂತ ತಿರುಗಿ ಮೆಸೇಜ್ ಬರುತ್ತೆ.