ಏಳನೇ ಕ್ಲಾಸಿನ ಕಥೆಗೆ ಅಂಕ ಹಾಕುವುದು

“ಏಳನೇ ಕ್ಲಾಸಿಗೆ ಕಥೆ ಬರೆಯಲು ಒಂದು ವಿಷಯ ಬೇಕು. ವಿಚಾರ, ಜೋಡಣೆ, ಭಾಷೆ ಮೂರಕ್ಕೂ ಅಂಕ ಹೇಗೆ ಹಂಚಲಿ?”

‘ಮಳೆಗಾಲ’ ಅಂತ ಕೊಟ್ಟರೆ ಗೈಡಿನ ಪ್ರಬಂಧವೇ ವಾಪಸ್ ಬರುತ್ತದೆ. ಏನಾದರೂ ಎಡವಟ್ಟು ಆಗಿರುವ ವಿಷಯ ಕೊಡಿ: ‘ಸಂತೆಯಿಂದ ಬಂದು ಚೀಲ ಬಿಚ್ಚಿದರೆ, ಅದು ಬೇರೆ ಯಾರದ್ದೋ ಚೀಲ. ಮುಂದೇನಾಯಿತು? ಒಂದೂವರೆ ಪುಟ ಬರೆಯಿರಿ.’

ವಿಚಾರಕ್ಕೆ 4, ಜೋಡಣೆಗೆ 3, ಭಾಷೆಗೆ 3 ಇಡಿ. ‘ಉತ್ತಮ’, ‘ಸಾಧಾರಣ’ ಅಂತ ಸುಮ್ನೆ ಬರೆದುಕೊಂಡರೆ ಉಪಯೋಗಕ್ಕೆ ಬರಲ್ಲ, ಹಾಳೆಯಲ್ಲಿ ಏನು ಕಾಣಬೇಕು ಅಂತಲೇ ಬರೆದುಕೊಳ್ಳಿ. ಚೀಲದಲ್ಲಿ ಸಿಕ್ಕ ವಸ್ತುವಿನಿಂದ ಹೊಸ ಯೋಚನೆ ಹುಟ್ಟಿದ್ದರೆ ವಿಚಾರಕ್ಕೆ 4. ‘ಚೀಲ ವಾಪಸ್ ಕೊಟ್ಟೆವು’ ಅಂತ ಅಷ್ಟಕ್ಕೇ ನಿಂತರೆ 2.

ಒಂದು ಮಗು ಹೀಗೆ ಬರೆದಿದೆ ಅಂದುಕೊಳ್ಳಿ: ‘ಚೀಲದಲ್ಲಿ ಒಂದೇ ಚಪ್ಪಲಿ ಇತ್ತು. ಇದು ಒಲಿಸಲು ತಂದಿದ್ದು, ಪಾಪ ಬರಿಗಾಲಲ್ಲಿ ಓಗಿರಬೇಕು ಅಂದಳು ಅಜ್ಜಿ.’ ವಿಚಾರಕ್ಕೆ ಪೂರ್ತಿ 4 ಕೊಡಿ. ಹಕಾರ ಬಿಟ್ಟಿರುವುದು ಎರಡು ಕಡೆ ಇದ್ದರೂ ತಪ್ಪು ಒಂದೇ ಬಗೆಯದು, ಒಂದೇ ಸಲ ಕಳೆಯಿರಿ, ಭಾಷೆಗೆ 2. ಚಪ್ಪಲಿಯ ಮಾತು ಅಲ್ಲಿಗೇ ಬಿಟ್ಟು ‘ಊಟ ಮಾಡಿ ಮಲಗಿದೆವು’ ಅಂತ ಮುಗಿಸಿದ್ದರೆ ಜೋಡಣೆಗೆ 1. ಒಟ್ಟು 7 ಆಯಿತು. ಮೂರನ್ನೂ ಒಟ್ಟಿಗೆ ನೋಡಿ ಹಾಕಿದ್ದರೆ 4 ದಾಟುವುದು ಕಷ್ಟ, ಕಾಗುಣಿತದ ತಪ್ಪೇ ಮೊದಲು ಕಣ್ಣಿಗೆ ರಾಚುತ್ತದೆ ಅಲ್ವಾ? ಅದಕ್ಕೇ ಎಲ್ಲ ಹಾಳೆಗಳಿಗೂ ಮೊದಲು ವಿಚಾರದ ಅಂಕ ಹಾಕಿ ಮುಗಿಸಿ, ಕೆಂಪು ಪೆನ್ನು ಆಮೇಲೆ ತೆಗೆಯಿರಿ.